ಮುಟ್ಟಿದರೆ ಮುನಿಯುವ ಗೇಮ್ ಕನ್ಸೋಲ್

ಫೆಬ್ರವರಿ, ಮಾರ್ಚ್ ಬಂತೆಂದರೆ ಬೆಂಗಳೂರಿನ ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವುದು ಹೊಸದಲ್ಲ. ತುಟಿ ಒಡೆಯುವ, ಬಾಚಣಿಗೆಗೆ ಕೂದಲು ಅಂಟುವ ದಿನಗಳಿವು. ಆಟ ಆಡುತ್ತಿದ್ದ ಹುಡುಗ ಸೋಫಾದಿಂದ ಎದ್ದು, ಚಾರ್ಜಿಂಗ್ ಕೇಬಲ್ ಸಿಕ್ಕಿಸಲು ಕನ್ಸೋಲ್‌ನ ಯುಎಸ್‌ಬಿ ಕಿಂಡಿಯತ್ತ ಕೈ ಚಾಚುತ್ತಾನೆ. ಬೆರಳ ತುದಿಯಲ್ಲಿ ‘ಚಟ್’ ಎನ್ನುತ್ತದೆ, ಟಿವಿ ಕಪ್ಪಾಗುತ್ತದೆ, ಕನ್ಸೋಲ್ ತಾನಾಗಿ ಮೊದಲಿನಿಂದ ಶುರುವಾಗುತ್ತದೆ. ಕನ್ಸೋಲ್ ಶಾಕ್ ಹೊಡೆಯಿತು ಎಂದು ಅವನ ದೂರು. ಹೊಡೆದವನು ಅವನೇ.

ಪಾಲಿಯೆಸ್ಟರ್ ಪ್ಯಾಂಟು ಸೋಫಾದ ಬಟ್ಟೆಗೆ ಒತ್ತಿ ಉಜ್ಜಿದಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಜಾರುತ್ತವೆ. ಕೂತಿರುವಷ್ಟು ಹೊತ್ತು ಎರಡೂ ಬದಿಯ ವಿದ್ಯುದಂಶ ಮೈಗೆ ಮೈ ತಾಗಿಸಿಕೊಂಡಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಎದ್ದ ಕ್ಷಣ ಅವು ಬೇರ್ಪಡುತ್ತವೆ, ಮೈಯ ವೋಲ್ಟೇಜ್ ಒಮ್ಮೆಗೇ ಏರುತ್ತದೆ. ಬೆರಳಿಗೆ ‘ಚಟ್’ ಎಂದು ತಾಗಬೇಕಾದರೇ ಸುಮಾರು 3,000 ವೋಲ್ಟ್ ಬೇಕು. ಒಣ ದಿನಗಳಲ್ಲಿ 10,000 ದಾಟುವುದೂ ಉಂಟು. ಮೈಯಲ್ಲಿ ಕೂಡುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅದು ನಮ್ಮನ್ನು ಕೊಲ್ಲುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯ ಮೇಲೆ, ನೆಲದ ಮೇಲೆ ಕಣ್ಣಿಗೆ ಕಾಣದ ತೆಳು ನೀರಿನ ಪದರ ಇರುತ್ತದೆ. ಈ ವಿದ್ಯುತ್ತು ಕೂಡಿಕೊಳ್ಳುವ ಮೊದಲೇ ಅದರ ಮೂಲಕ ಸೋರಿಹೋಗುತ್ತದೆ. ಜುಲೈನಲ್ಲಿ ಈ ದೂರು ಕೇಳಿಬರದಿರುವುದು ಅದಕ್ಕೇ.

ಕಿಡಿ ಹಾರಿದಾಗ ಕೆಲವು ಆಂಪಿಯರ್ ಕರೆಂಟು ಸೆಕೆಂಡಿನ ನೂರುಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಯುಎಸ್‌ಬಿ ಕಿಂಡಿಯ ಲೋಹದ ಅಂಚಿಗೆ ನುಗ್ಗುತ್ತದೆ. ಅಲ್ಲಿಂದ ನೇರವಾಗಿ ನೆಲಕ್ಕೆ ಇಳಿಯಲು ಅದಕ್ಕೆ ದಾರಿಯಿಲ್ಲ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗಳ ಪವರ್ ಕೇಬಲ್ಲಿನ ತುದಿಯನ್ನು ಕಿತ್ತು ನೋಡಿ: ಎರಡೇ ತೂತು. ಗೋಡೆಯ ಸಾಕೆಟ್‌ಗೆ ಮೂರು ಪಿನ್ ಇದ್ದರೂ ಅರ್ಥಿಂಗ್ ಕನ್ಸೋಲ್‌ವರೆಗೆ ತಲುಪುವುದೇ ಇಲ್ಲ. ಹಾಗಾಗಿ ಕಿಡಿಯ ಕರೆಂಟು ಒಳಗಿನ ಬೋರ್ಡನ್ನು ಹಾದು, ಎಚ್‌ಡಿಎಂಐ ಕೇಬಲ್ಲಿನ ಲೋಹದ ಹೊದಿಕೆ ಹಿಡಿದು ಟಿವಿಯ ಕಡೆಗೆ ಓಡುತ್ತದೆ. ಒಂದೆರಡು ವೋಲ್ಟಿನಲ್ಲಿ ಲೆಕ್ಕ ಮಾಡುವ ಚಿಪ್ಪಿಗೆ ಆ ಕ್ಷಣ ತನ್ನ ಸೊನ್ನೆ ಯಾವುದೆಂದೇ ತಿಳಿಯದಂತಾಗುತ್ತದೆ. ರೀಸೆಟ್ ತಂತಿಯಲ್ಲಿ ಸುಳ್ಳು ಸಂಕೇತ ಹುಟ್ಟಿದರೆ ಕನ್ಸೋಲ್ ಮರುಚಾಲೂ ಆಗುತ್ತದೆ. ಕೆಲವೊಮ್ಮೆ ಎಚ್‌ಡಿಎಂಐ ಸಂಪರ್ಕ ಮಾತ್ರ ತಪ್ಪಿ, ಚಿತ್ರ ಎರಡು ಮೂರು ಸೆಕೆಂಡು ಮಾಯವಾಗಿ ಮರಳುತ್ತದೆ. ಸಾಮಾನ್ಯವಾಗಿ ಏನೂ ಸುಡುವುದಿಲ್ಲ. ಆದರೆ ಆಟ ಸೇವ್ ಆಗುತ್ತಿದ್ದ ಹೊತ್ತಿನಲ್ಲೇ ಹೀಗಾದರೆ ಆ ಫೈಲು ಕೆಡಬಹುದು.

ಸರ್ವಿಸ್ ಸೆಂಟರಿಗೆ ಹೊತ್ತೊಯ್ಯುವ ಮೊದಲು ಗಮನಿಸಬೇಕಾದದ್ದು ಒಂದೇ: ಮುಟ್ಟಿದ ಕ್ಷಣವೇ ಆಯಿತೇ? ಯಾರೂ ಹತ್ತಿರ ಇಲ್ಲದಾಗ ಆಫ್ ಆದರೆ ಅದು ಬಿಸಿಯದೋ, ಮನೆಯ ಕರೆಂಟಿನದೋ ತೊಂದರೆ. ಇನ್ನು ಲೋಹದ ಭಾಗದ ಮೇಲೆ ಬೆರಳು ಸವರಿದಾಗ ಜುಮು ಜುಮು ಎನ್ನುತ್ತಲೇ ಇದ್ದರೆ ಅದು ಈ ಕಿಡಿಯಲ್ಲ. ಎರಡು ಪಿನ್ನಿನ ಪವರ್ ಸಪ್ಲೈಗಳಿಂದ ಸದಾ ಸೋರುವ ಅತಿ ಸಣ್ಣ ಕರೆಂಟು ಅದು. ಸವರಿದಾಗ ಜುಮುಗುಡುವ ಬದಲು ಜೋರಾಗಿ ಹೊಡೆದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಮೈಯ ವಿದ್ಯುತ್ತನ್ನು ಕನ್ಸೋಲ್‌ಗಿಂತ ಮೊದಲು ಬೇರೆಲ್ಲಾದರೂ ಇಳಿಸುವುದೇ ಉಪಾಯ, ಮತ್ತು ಅದನ್ನು ಎದ್ದ ಮೇಲೆ ಮಾಡಬೇಕು. ಕೂತಲ್ಲೇ ಏನನ್ನೋ ಮುಟ್ಟಿ ಆಮೇಲೆ ಎದ್ದರೆ ಪ್ರಯೋಜನವಿಲ್ಲ, ಏಳುವಾಗಲೇ ಅದು ಮತ್ತೆ ಹುಟ್ಟುತ್ತದೆ. ಕುರ್ಚಿಗೆ ಕಬ್ಬಿಣದ ಚೌಕಟ್ಟಿದ್ದರೆ ಅದನ್ನು ಹಿಡಿದುಕೊಂಡೇ ಏಳಿ. ಇಲ್ಲವಾದರೆ ಮೂರು ಪಿನ್ನಿನ ಪ್ಲಗ್ ಹಾಕಿರುವ ಫ್ರಿಜ್ಜಿನ ಅಥವಾ ವಾಷಿಂಗ್ ಮಷಿನ್ನಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಬನ್ನಿ. ನಮ್ಮ ಕಬ್ಬಿಣದ ಬೀರು ನೆಲಕ್ಕೆ ಜೋಡಿಸಿದ್ದಲ್ಲ, ಆದರೂ ಗಾತ್ರ ದೊಡ್ಡದಾದ್ದರಿಂದ ಬಹುಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ನಲ್ಲಿಯನ್ನು ಮಾತ್ರ ನಂಬಬೇಡಿ. ಹಳೆಯ ಜಿಐ ಪೈಪು ನೆಲ ಸೇರುತ್ತಿತ್ತು, ಈಗಿನದು ಪ್ಲಾಸ್ಟಿಕ್. ಚುರುಕ್ ಎನ್ನುವುದು ಬೇಡವಾದರೆ ಕೈಯಲ್ಲಿ ಬೀಗದ ಕೈ ಹಿಡಿದು ಅದರ ತುದಿ ತಾಗಿಸಿ. ಕಿಡಿ ಲೋಹದ ಮೇಲೆ ಹಾರುತ್ತದೆ, ಚರ್ಮಕ್ಕೆ ತಿಳಿಯುವುದಿಲ್ಲ.

ಕನ್ಸೋಲ್‌ಗೆ ತಂತಿ ಕಟ್ಟಿದ ಕಂಟ್ರೋಲರ್ ಹಿಡಿಯುವುದೂ ಕನ್ಸೋಲನ್ನೇ ಮುಟ್ಟಿದಂತೆ. ಆಟದ ಹೊತ್ತಿನಲ್ಲಿ ತಂತಿ ಕಳಚಿ, ವೈರ್‌ಲೆಸ್ಸಾಗಿ ಆಡುವುದು ವಾಸಿ. ರಬ್ಬರ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದರೂ ಒಂದಷ್ಟು ಇಳಿಯುತ್ತದೆ, ಕಾರ್ಪೆಟ್ಟಿದ್ದರೆ ಹೆಚ್ಚಾಗುತ್ತದೆ. ಸೋಫಾ ಮೇಲೆ ಹತ್ತಿಯ ಬೆಡ್‌ಶೀಟ್ ಹಾಸಿ, ನೆಲ ಒರೆಸಿ, ಕೋಣೆಯ ತೇವಾಂಶ ಶೇ. 40ರ ಮೇಲಿರುವಂತೆ ನೋಡಿಕೊಂಡರೆ ಹೆಚ್ಚಿನ ಮನೆಗಳಲ್ಲಿ ಇಷ್ಟೇ ಸಾಕು.

ಕನ್ಸೋಲ್‌ಗೇ ತಂತಿ ಸುತ್ತಿ ಸಾಕೆಟ್ಟಿನ ಅರ್ಥ್ ತೂತಿಗೆ ತುರುಕುವ ಜಾಣತನ ಬೇಡ. ಮನೆಯ ಅರ್ಥಿಂಗ್ ಕೆಟ್ಟಿದ್ದರೆ ಬೇರೊಂದು ಉಪಕರಣದ ಸೋರಿಕೆ ಅದೇ ತಂತಿಯಲ್ಲಿ ಕನ್ಸೋಲ್‌ನ ಮೈಗೆ ಬರುತ್ತದೆ.