ಗಂಧ, ಕಿತ್ತಳೆ, ಸೋಯಾ: ಉಡುಗೊರೆಯ ಮೇಣದಬತ್ತಿಯೊಂದರ ವಿವರಣೆ

ಉಡುಗೊರೆಗೆಂದು ಮಾರುವ ಪರಿಮಳದ ಮೇಣದಬತ್ತಿಯ ವಿವರಣೆಗೆ ಇಬ್ಬರು ಓದುಗರಿರುತ್ತಾರೆ. ಕೊಳ್ಳುವವರು ಅದನ್ನು ಹಚ್ಚುವುದಿಲ್ಲ. ಹಚ್ಚುವವರು ಅದನ್ನು ಆರಿಸಿರುವುದಿಲ್ಲ. ಆನ್‌ಲೈನಿನಲ್ಲಿ ಕೊಂಡರಂತೂ ಮೂಸಿ ನೋಡುವ ಅವಕಾಶವೂ ಇಲ್ಲ. ಹಾಗಾಗಿ ಪೆಟ್ಟಿಗೆಯ ಮೇಲಿನ ನಾಲ್ಕಾರು ಸಾಲುಗಳು ಮೊದಲನೆಯವರಿಗೆ ಆಯ್ಕೆಯ ಆಧಾರ, ಎರಡನೆಯವರಿಗೆ ಬಳಕೆಯ ಸೂಚನೆ. ಕೈಯಿಂದ ತಯಾರಿಸಿದ, ಶ್ರೀಗಂಧ ಮತ್ತು ಕಿತ್ತಳೆ ಸಿಪ್ಪೆಯ ಪರಿಮಳದ ಸೋಯಾ ಮೇಣದಬತ್ತಿಯೊಂದಕ್ಕೆ ಅಂಥ ವಿವರಣೆ ಹೀಗಿರಬಹುದು:

“ಶ್ರೀಗಂಧ–ಕಿತ್ತಳೆ ಸಿಪ್ಪೆ ಪರಿಮಳದ ಮೇಣದಬತ್ತಿ. ಪೂರ್ತಿ ಸೋಯಾ ಮೇಣ, ಹತ್ತಿಯ ಬತ್ತಿ. ಕೈಯಲ್ಲಿ ಎರೆದು ಎರಡು ವಾರ ಮಾಗಿಸಿದ್ದು. ಪರಿಮಳ: ಕಿತ್ತಳೆ ಸಿಪ್ಪೆಯ ಎಣ್ಣೆ ಮತ್ತು ಶ್ರೀಗಂಧದ ಸುವಾಸನೆಯ ಮಿಶ್ರಣ. ನಿವ್ವಳ ತೂಕ 180 ಗ್ರಾಂ, ಗಾಜಿನ ಲೋಟದ ಅಗಲ 7 ಸೆಂ.ಮೀ. ಸುಮಾರು 30 ಗಂಟೆ ಉರಿಯುತ್ತದೆ. ಮೊದಲ ಸಲ ಮೇಣ ಅಂಚಿನವರೆಗೆ ಕರಗುವ ತನಕ ಉರಿಸಿ. ಮೇಲ್ಮೈಯಲ್ಲಿ ಬಿಳಿ ಹೂವಿನಂಥ ಗುರುತು ಮೂಡಿದರೆ ಅದು ಸೋಯಾ ಮೇಣದ ಸ್ವಭಾವ.”

ಇಲ್ಲಿ ಹೊಗಳಿಕೆಯ ಮಾತಿಲ್ಲ. ಪ್ರತಿ ಸಾಲಿನ ಹಿಂದೆಯೂ ಪರೀಕ್ಷಿಸಿ ನೋಡಬಹುದಾದ ಸಂಗತಿಯೊಂದಿದೆ.

ಮೇಣ

ಸೋಯಾ ಮೇಣ ಸೋಯಾ ಅವರೆಯ ಎಣ್ಣೆಯಿಂದ ಆಗುವಂಥದ್ದು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವ ಈ ವಿಧಾನ ವನಸ್ಪತಿ ತಯಾರಿಕೆಯಲ್ಲಿ ಬಳಸುವುದೇ. ಮೇಣದಬತ್ತಿಗೆ ಇದರ ಬಳಕೆ ಆರಂಭವಾದದ್ದು 1990ರ ದಶಕದಲ್ಲಿ, ಸೋಯಾ ಹೇರಳವಾಗಿ ಬೆಳೆಯುವ ಅಮೆರಿಕದಲ್ಲಿ. ಅಂಗಡಿಯ ಸಾಮಾನ್ಯ ಮೇಣದಬತ್ತಿಯ ಪ್ಯಾರಾಫಿನ್ ಕಚ್ಚಾ ತೈಲದ ಸಂಸ್ಕರಣೆಯಲ್ಲಿ ಸಿಗುವ ವಸ್ತು.

ಲೋಟಕ್ಕೆ ಎರೆಯುವ ಸೋಯಾ ಮೇಣ ಮೆದು. ಸಾಮಾನ್ಯವಾಗಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕೇ ಈ ಬಗೆಯ ಮೇಣದಬತ್ತಿಗಳು ಕಂಬದಂತೆ ನಿಲ್ಲದೆ ಲೋಟದೊಳಗೇ ಇರುತ್ತವೆ. ವಿವರಣೆಯಲ್ಲಿ “ಪೂರ್ತಿ ಸೋಯಾ” ಎಂದಿದೆಯೋ “ಸೋಯಾ ಮಿಶ್ರಣ” ಎಂದಿದೆಯೋ ಎಂಬುದನ್ನು ಗಮನಿಸಬೇಕು. ಮಿಶ್ರಣದಲ್ಲಿ ಪ್ಯಾರಾಫಿನ್ ಅಥವಾ ಬೇರೆ ಮೇಣ ಸೇರಿರಬಹುದು. ಅದು ಕೆಟ್ಟದ್ದೇನೂ ಅಲ್ಲ, ಆದರೆ ಪೂರ್ತಿ ಸೋಯಾದ ಬೆಲೆ ಕೊಡುವವರಿಗೆ ಅದು ತಿಳಿದಿರಬೇಕು. “ಹೊಗೆಯೇ ಬರುವುದಿಲ್ಲ” ಎಂಬ ಮಾತು ಮಾತ್ರ ಯಾವ ಮೇಣಕ್ಕೂ ಸಲ್ಲದು. ಬತ್ತಿ ಉದ್ದವಾಗಿದ್ದರೆ ಅಥವಾ ಗಾಳಿಗೆ ಜ್ವಾಲೆ ತೂಗಾಡಿದರೆ ಸೋಯಾ ಮೇಣವೂ ಮಸಿ ಬಿಡುತ್ತದೆ.

ಬಿಳಿ ಗುರುತಿನ ಸಾಲು ವಿವರಣೆಯಲ್ಲಿರುವುದು ಇದೇ ಮೇಣದ ಕಾರಣಕ್ಕೆ. ಗಟ್ಟಿಯಾದ ಸಸ್ಯಜನ್ಯ ಕೊಬ್ಬಿನ ಹರಳುಗಳು ಕಾಲಕ್ರಮದಲ್ಲಿ ರೂಪ ಬದಲಿಸುತ್ತವೆ. ಆಗ ಮೇಲ್ಮೈಯಲ್ಲೂ ಗಾಜಿನ ಬದಿಯಲ್ಲೂ ಬಿಳಿಚಾದ ಪದರ ಕಾಣುತ್ತದೆ. ಇದರಿಂದ ಉರಿಯುವುದಕ್ಕಾಗಲಿ ಪರಿಮಳಕ್ಕಾಗಲಿ ತೊಂದರೆಯಿಲ್ಲ. ಆದರೆ ಮೊದಲೇ ಹೇಳದಿದ್ದರೆ, ಉಡುಗೊರೆ ಪಡೆದವರು ಬೂಷ್ಟು ಹಿಡಿದಿದೆ ಎಂದುಕೊಳ್ಳುವ ಸಾಧ್ಯತೆಯಿದೆ. ಬಣ್ಣ ಹಾಕಿದ ಮೇಣದಲ್ಲಿ ಈ ಗುರುತು ಎದ್ದು ಕಾಣುವುದರಿಂದ ಹಲವು ತಯಾರಕರು ಸೋಯಾ ಮೇಣಕ್ಕೆ ಬಣ್ಣವನ್ನೇ ಬೆರೆಸುವುದಿಲ್ಲ.

ಪರಿಮಳ

ಗಂಧ ಮತ್ತು ಕಿತ್ತಳೆ ಎರಡೂ ಒಂದೇ ವೇಗದಲ್ಲಿ ಹಾರುವ ಪರಿಮಳಗಳಲ್ಲ. ಕಿತ್ತಳೆ ಸಿಪ್ಪೆಯನ್ನು ಒತ್ತಿ ತೆಗೆದ ಎಣ್ಣೆಯಲ್ಲಿ ಬಹುಪಾಲು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ಲಿಮೊನೀನ್ ಎಂಬ ಹಗುರ ವಸ್ತು. ಅದು ಬೇಗ ಆವಿಯಾಗುತ್ತದೆ. ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವುದು ಅದೇ, ಮೊದಲು ಕರಗಿ ಹೋಗುವುದೂ ಅದೇ. ಶ್ರೀಗಂಧದ ಮರದ ಚೇಗಿನಿಂದ ಬಟ್ಟಿ ಇಳಿಸಿದ ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಇದರ ಅಣುಗಳು ಭಾರವಾದವು, ನಿಧಾನವಾಗಿ ಹೊರಬರುತ್ತವೆ, ಕೋಣೆಯಲ್ಲಿ ಬಹಳ ಹೊತ್ತು ಉಳಿಯುತ್ತವೆ. ಸುಗಂಧ ತಯಾರಿಕೆಯಲ್ಲಿ ಗಂಧ ತಳಹದಿಯ ಪರಿಮಳ, ಕಿತ್ತಳೆ ಮೇಲ್ಪದರದ ಪರಿಮಳ. ಎರಡನ್ನೂ ಬೆರೆಸಿದಾಗ ಕಿತ್ತಳೆಯ ಹುಳಿಚುರುಕು ಮೊದಲು ತಿಳಿದು, ಮೇಣ ಕರಗುತ್ತ ಬಂದಂತೆ ಗಂಧದ ಮೆತ್ತಗಿನ ಮರದ ವಾಸನೆ ಮೇಲಾಗುತ್ತದೆ. ಕೊಳ್ಳುವವರಿಗೆ ಈ ಕ್ರಮ ತಿಳಿದಿದ್ದರೆ ಮೂಸದೆಯೂ ಪರಿಮಳದ ಅಂದಾಜು ಸಿಗುತ್ತದೆ.

ಈ ವಿವರಣೆಯಲ್ಲಿ “ಶುದ್ಧ ಶ್ರೀಗಂಧದೆಣ್ಣೆ” ಎನ್ನದೆ “ಶ್ರೀಗಂಧದ ಸುವಾಸನೆ” ಎಂದಿರುವುದಕ್ಕೆ ಲೆಕ್ಕದ ಕಾರಣವಿದೆ. ಮೇಣದ ತೂಕದ ಶೇ 8ರಷ್ಟು ಸುಗಂಧ ಬೆರೆಸಿದರೆ 180 ಗ್ರಾಮಿನಲ್ಲಿ ಸುಮಾರು 167 ಗ್ರಾಂ ಮೇಣ, 13 ಗ್ರಾಂ ಸುಗಂಧ. ಅದರಲ್ಲಿ ಗಂಧದ ಪಾಲು 6 ಗ್ರಾಂ ಎಂದಿಟ್ಟುಕೊಳ್ಳೋಣ. ಶ್ರೀಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿರುವ ವಸ್ತು. ಕಡಿಮೆಯೆಂದು ಲಕ್ಷವನ್ನೇ ಹಿಡಿದರೂ ಗ್ರಾಮಿಗೆ 100 ರೂಪಾಯಿ, 6 ಗ್ರಾಮಿಗೆ 600 ರೂಪಾಯಿ. ಲೋಟ, ಮೇಣ, ಕೂಲಿ, ಪೆಟ್ಟಿಗೆ ಎಲ್ಲ ಸೇರಿ ಐನೂರು, ಆರುನೂರು ರೂಪಾಯಿಗೆ ಮಾರುವ ಮೇಣದಬತ್ತಿಯಲ್ಲಿ ಅಷ್ಟು ಅಸಲಿ ಗಂಧದೆಣ್ಣೆ ಇರಲಾರದು. ಹಾಗಾದರೆ ವಾಸನೆ ಬರುವುದು ಪ್ರಯೋಗಾಲಯದಲ್ಲಿ ತಯಾರಾದ ಗಂಧದ ವಾಸನೆಯ ರಾಸಾಯನಿಕಗಳಿಂದ, ಇಲ್ಲವೇ ಆಸ್ಟ್ರೇಲಿಯಾದಂಥ ಕಡೆ ಬೆಳೆಯುವ ಬೇರೆ ಜಾತಿಯ ಗಂಧದ ಮರದಿಂದ. ಇವುಗಳಲ್ಲಿ ಚೆನ್ನಾಗಿರುವಂಥವೂ ಉಂಟು. ಅವನ್ನು ಮೈಸೂರು ಗಂಧ ಎಂದು ಕರೆದಾಗ ಮಾತ್ರ ಅದು ಮೋಸ. ಮೈಸೂರಿನಲ್ಲಿ 1910ರ ದಶಕದಲ್ಲೇ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದ ಕನ್ನಡನಾಡಿನಲ್ಲಿ ಆ ಹೆಸರಿಗೆ ಜನ ಕೊಡುವ ಬೆಲೆಯೇ ಬೇರೆ.

ಕಿತ್ತಳೆಯ ವಿಷಯ ಇದಕ್ಕೆ ತದ್ವಿರುದ್ಧ. ಹಣ್ಣಿನ ರಸ ತೆಗೆಯುವ ಉದ್ಯಮದಲ್ಲಿ ಉಳಿಯುವ ಸಿಪ್ಪೆಯಿಂದಲೇ ಎಣ್ಣೆ ದೊರೆಯುವುದರಿಂದ ಅದು ಅಗ್ಗ. ಅಸಲಿ ಎಣ್ಣೆಯನ್ನೇ ಹಾಕಬಹುದು. ಅದರ ಕಷ್ಟ ಇರುವುದು ಉಳಿಸಿಕೊಳ್ಳುವುದರಲ್ಲಿ. ತಿಂಗಳುಗಟ್ಟಲೆ ಮುಚ್ಚಳವಿಲ್ಲದೆ ಇಟ್ಟರೆ ಕಿತ್ತಳೆ ಮಾಸಿ ಗಂಧವಷ್ಟೇ ಉಳಿಯುತ್ತದೆ. ಆದ್ದರಿಂದ ಈ ಪರಿಮಳದ ಮೇಣದಬತ್ತಿಗೆ ಬಿಗಿಯಾದ ಮುಚ್ಚಳ ಬೇಕು, ತಯಾರಾದ ತಿಂಗಳನ್ನೂ ನೋಡಿಕೊಂಡು ಕೊಳ್ಳಬೇಕು.

ಅಂದಕ್ಕೆಂದು ಒಣಗಿದ ಕಿತ್ತಳೆ ಸಿಪ್ಪೆಯ ಚೂರನ್ನು ಮೇಣದ ಮೇಲೆ ಅಂಟಿಸುವ ರೂಢಿಯೊಂದಿದೆ. ಚಿತ್ರದಲ್ಲಿ ಚೆನ್ನಾಗಿ ಕಾಣುವ ಇದು ಅಪಾಯಕಾರಿ. ಒಣ ಸಿಪ್ಪೆ ಕರಗಿದ ಮೇಣವನ್ನು ಹೀರಿಕೊಂಡು ತಾನೇ ಎರಡನೇ ಬತ್ತಿಯಾಗಿ ಹೊತ್ತಿಕೊಳ್ಳಬಹುದು. ಅಂಥದ್ದು ಉಡುಗೊರೆಯಾಗಿ ಬಂದರೆ ಹಚ್ಚುವ ಮೊದಲು ಚೂರುಗಳನ್ನು ಕಿತ್ತು ತೆಗೆಯಬೇಕು.

ಎರೆಯುವುದು, ಮಾಗಿಸುವುದು

ಕೈತಯಾರಿಕೆಯ ಕೆಲಸದಲ್ಲಿ ಹದ ಎಂದರೆ ಉಷ್ಣತೆ. ಮೇಣವನ್ನು ನೇರ ಉರಿಗೆ ಹಿಡಿಯದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತಾರೆ. ಸುಮಾರು 80 ಡಿಗ್ರಿಯಲ್ಲಿ ಸುಗಂಧವನ್ನು ಸೇರಿಸಿ ಒಂದೆರಡು ನಿಮಿಷ ನಿಧಾನವಾಗಿ ಕಲಕುತ್ತಾರೆ. ಇದಕ್ಕಿಂತ ತಣ್ಣಗಿದ್ದರೆ ಎಣ್ಣೆ ಸರಿಯಾಗಿ ಬೆರೆಯದೆ ಮೇಲೆ ಹನಿಗಟ್ಟುತ್ತದೆ. ಬಹಳ ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಕಿತ್ತಳೆ ಹಾರಿಹೋಗುತ್ತದೆ. 55ರಿಂದ 60 ಡಿಗ್ರಿಗೆ ಇಳಿದ ಮೇಲೆ ಬತ್ತಿ ನಿಲ್ಲಿಸಿದ ಲೋಟಕ್ಕೆ ಎರೆಯುತ್ತಾರೆ. ನಿಖರ ಅಂಕಿ ಆಯಾ ಮೇಣಕ್ಕೆ ತಕ್ಕಂತೆ ಬದಲಾಗುತ್ತದೆ. ಗಟ್ಟಿಯಾದದ್ದನ್ನು ಮುಚ್ಚಿ ಒಂದೆರಡು ವಾರ ಇಡುತ್ತಾರೆ. ಎರೆದ ಮರುದಿನವೇ ಹಚ್ಚಿದ ಸೋಯಾ ಮೇಣದಬತ್ತಿ ಪರಿಮಳ ಬೀರುವುದು ಕಡಿಮೆ. ಮಾಗಿದ್ದು ಹೆಚ್ಚು ಬೀರುತ್ತದೆ.

ಬತ್ತಿ ಮತ್ತು ಉರಿಯುವ ಅವಧಿ

ಬತ್ತಿಯ ದಪ್ಪ ಲೋಟದ ಅಗಲಕ್ಕೆ ಹೊಂದಬೇಕು. ಸಣ್ಣದಾದರೆ ನಡುವೆ ಮಾತ್ರ ಕರಗಿ ಬಾವಿಯಂತೆ ಗುಳಿ ಬೀಳುತ್ತದೆ, ಸುತ್ತಲಿನ ಮೇಣ ವ್ಯರ್ಥವಾಗುತ್ತದೆ. ದಪ್ಪವಾದರೆ ಜ್ವಾಲೆ ಎತ್ತರಕ್ಕೆದ್ದು ಮಸಿ ಬರುತ್ತದೆ, ಗಾಜು ಕಾಯುತ್ತದೆ. 7 ಸೆಂ.ಮೀ. ಲೋಟದಲ್ಲಿ ಸರಿಯಾದ ಬತ್ತಿಯಿದ್ದರೆ ಮೂರು ಗಂಟೆಯ ಸುಮಾರಿಗೆ ಮೇಣ ಅಂಚಿನವರೆಗೆ ಕರಗಿರುತ್ತದೆ. ಮೊದಲ ಸಲ ಅರ್ಧಕ್ಕೇ ಆರಿಸಿದರೆ ಮುಂದಿನ ಸಲವೂ ಮೇಣ ಅಷ್ಟೇ ಅಗಲಕ್ಕೆ ಕರಗುವ ಕಡೆ ವಾಲುತ್ತದೆ. ವಿವರಣೆಯಲ್ಲಿ ಮೊದಲ ಉರಿಯ ಸೂಚನೆ ಇರುವುದು ಇದಕ್ಕೇ.

ಮೂವತ್ತು ಗಂಟೆಯೆಂಬ ಅಂಕಿಯೂ ತೂಕದಿಂದ ಬಂದದ್ದು. ಹಚ್ಚುವ ಮೊದಲು ತೂಗಿ, ನಾಲ್ಕು ಗಂಟೆ ಉರಿಸಿ ಮತ್ತೆ ತೂಗಿದಾಗ 20 ಗ್ರಾಂ ಕಡಿಮೆಯಾಗಿದ್ದರೆ ಗಂಟೆಗೆ 5 ಗ್ರಾಂ ಉರಿದಂತಾಯಿತು. 180ನ್ನು 5ರಿಂದ ಭಾಗಿಸಿದರೆ 36 ಗಂಟೆ. ಆದರೆ ತಳದಲ್ಲಿ ಒಂದು ಸೆಂ.ಮೀ. ಮೇಣ ಉಳಿದಾಗ ನಿಲ್ಲಿಸದಿದ್ದರೆ ಗಾಜು ಅತಿಯಾಗಿ ಕಾದು ಒಡೆಯಬಹುದು. ಈ ಲೋಟದಲ್ಲಿ ಅದು ಸುಮಾರು 35 ಗ್ರಾಂ. ಅದನ್ನು ಕಳೆದರೆ 145 ಗ್ರಾಂ, ಅಂದರೆ 29 ಗಂಟೆ. ಇಷ್ಟೇ ತೂಕ, ಇಷ್ಟೇ ಅಗಲದ ಮೇಣದಬತ್ತಿಗೆ 60 ಗಂಟೆ ಎಂದು ಬರೆದಿದ್ದರೆ ಅದನ್ನು ಅನುಮಾನಿಸಬೇಕು.

ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಅರ್ಧ ಸೆಂ.ಮೀ.ಗೆ ಕತ್ತರಿಸಬೇಕು; ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬಾರದು; ಪರದೆ, ಮಕ್ಕಳು, ಸಾಕುಪ್ರಾಣಿಗಳಿಂದ ದೂರವಿಡಬೇಕು. ಈ ಸೂಚನೆಗಳು ಅಂಗಡಿಯ ಪುಟದಲ್ಲಿದ್ದರೆ ಸಾಲದು. ಉಡುಗೊರೆ ಪಡೆದವರು ಆ ಪುಟವನ್ನು ನೋಡಿಯೇ ಇರುವುದಿಲ್ಲವಾದ್ದರಿಂದ ಅವು ಲೋಟದ ತಳದ ಚೀಟಿಯಲ್ಲೂ ಇರಬೇಕು.

ಕೊಡುವ ಮುನ್ನ

ಉಡುಗೊರೆ ಕೊಳ್ಳುವವರು ಇನ್ನೆರಡು ಸಂಗತಿ ನೋಡಬೇಕು. ಒಂದು, ಪಡೆಯುವವರ ಮನೆಯಲ್ಲಿ ಉಬ್ಬಸದ ತೊಂದರೆಯವರೋ ಗಾಢ ವಾಸನೆಗೆ ತಲೆನೋವು ಬರುವವರೋ ಇದ್ದಾರೆಯೇ ಎಂಬುದು. “ನೈಸರ್ಗಿಕ” ಎಂದಾಕ್ಷಣ ಅಂಥವರಿಗೆ ಒಗ್ಗುತ್ತದೆ ಎನ್ನುವಂತಿಲ್ಲ. ಕಿತ್ತಳೆ ಎಣ್ಣೆಯ ಲಿಮೊನೀನ್ ಗಾಳಿಗೆ ಒಡ್ಡಿಕೊಂಡು ಹಳತಾದರೆ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಎರಡು, ಸಾಗಣೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಹೊರಗಿನ ತಾಪ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಅದಕ್ಕಿಂತ ಹೆಚ್ಚು. 45 ಡಿಗ್ರಿಗೆ ಮೆದುವಾಗುವ ಮೇಣ ಅಲ್ಲಿ ಕರಗಿ, ಲೋಟ ವಾಲಿದ ಕಡೆಗೆ ಹರಿದು ಗಟ್ಟಿಯಾಗುತ್ತದೆ, ಬತ್ತಿ ಓರೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದೂರದ ಊರಿಗೆ ಕೊರಿಯರ್ ಮಾಡುವುದಕ್ಕಿಂತ ಕೈಯಲ್ಲೇ ಒಯ್ದು ಕೊಡುವುದು ಲೇಸು.

ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ವಿವರ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಮನೆಯಲ್ಲಿ ತಯಾರಿಸಿ ಮಾರುವವರ ಪೊಟ್ಟಣಗಳಲ್ಲಿ ಹಲವು ಸಲ ಬಿಟ್ಟುಹೋಗುವುದು ತಯಾರಾದ ತಿಂಗಳು. ಕಿತ್ತಳೆಯ ಪರಿಮಳ ಇನ್ನೂ ಉಳಿದಿದೆಯೇ ಎಂದು ಕೊಳ್ಳುವ ಮೊದಲು ಅಂದಾಜಿಸಲು ಇರುವ ದಾರಿ ಅದೊಂದೇ ಆದ್ದರಿಂದ, ಪೊಟ್ಟಣದ ಮೇಲೆ ಕಾಣದಿದ್ದರೆ ಮಾರುವವರನ್ನೇ ಕೇಳಿ ತಿಳಿದುಕೊಳ್ಳಬೇಕು.