ಹಾರಂಗಿ ತುಂಬಿದರೆ ಒಂದೂವರೆ ಗಂಟೆ

ಒಂದು ಯೂನಿಟ್ ಕರೆಂಟು ಬೇಕಾದರೆ ಸಾವಿರ ಲೀಟರ್ ನೀರು 367 ಮೀಟರ್ ಎತ್ತರದಿಂದ ಬೀಳಬೇಕು. ಅದೂ ಒಂದು ಹನಿ ಪೋಲಾಗದೆ, ಯಂತ್ರದಲ್ಲಿ ಏನೂ ನಷ್ಟವಾಗದೆ. ಕುತುಬ್ ಮಿನಾರನ್ನು ಒಂದರ ಮೇಲೊಂದರಂತೆ ಐದು ಸಲ ನಿಲ್ಲಿಸಿದರೂ ಅಷ್ಟು ಎತ್ತರ ಪೂರ್ತಿಯಾಗಿ ಸಿಗದು. ಅಲ್ಲಿಂದ ಒಂದು ಟನ್ ನೀರು ಸುರಿದರೆ ಸಿಗುವುದು ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿಯುವಷ್ಟು.

ಪೊನ್ನಂಪೇಟೆ ಅಥವಾ ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ ನವೀಕರಿಸಬಹುದಾದ ಇಂಧನದ ಬಗ್ಗೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಪ್ರೆಸೆಂಟೇಷನ್ ಸಿದ್ಧಪಡಿಸುವಾಗ ತನ್ನ ಟಿಪ್ಪಣಿಯ ಮೊದಲ ಪುಟದಲ್ಲಿ ಈ 367 ಎಂಬ ಸಂಖ್ಯೆಯನ್ನು ಬರೆದುಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದು ಎಲ್ಲಿಂದಲೋ ನಕಲು ಮಾಡಿದ ಅಂಕಿಯಲ್ಲ. ಸಾವಿರ ಕಿಲೋ ತೂಕವನ್ನು ಗುರುತ್ವದ 9.81ರಿಂದ ಗುಣಿಸಿ, ಒಂದು ಯೂನಿಟ್ಟಿನಲ್ಲಿರುವ 36 ಲಕ್ಷ ಜೂಲನ್ನು ಅದರಿಂದ ಭಾಗಿಸಿದರೆ ಬರುವ ಉತ್ತರ. ಯಾರು ಬೇಕಾದರೂ ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ತೋರಿಸಬಹುದು. ಕೊಡಗಿನ ಮಳೆ, ಹೊಳೆ, ಕೆರೆಗಳ ಬಗ್ಗೆ ಕೇಳಬಹುದಾದ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಇದೊಂದೇ ಸಂಖ್ಯೆಯಿಂದ ಹೊರಡುತ್ತದೆ.

ತೋಟದಿಂದಲೇ ಶುರು ಮಾಡೋಣ. ಕೊಡಗಿನಲ್ಲಿ ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗಿಂತ ಚೂರು ಹೆಚ್ಚು. ವರ್ಷಕ್ಕೆ ನೂರು ಇಂಚು ಎಂದರೆ ಎಕರೆಗೆ ಒಂದು ಕೋಟಿ ಲೀಟರ್. ಕೇಳುವವರು ಇಲ್ಲಿ ಹುಬ್ಬೇರಿಸುತ್ತಾರೆ. ಇಷ್ಟು ನೀರಿರುವ ಜಿಲ್ಲೆಗೆ ಕರೆಂಟಿನ ಕೊರತೆ ಏಕೆ ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಆ ಕೋಟಿ ಲೀಟರಿನಲ್ಲಿ ಅರ್ಧ ಮಣ್ಣಿಗೂ ಮರಕ್ಕೂ ಆವಿಗೂ ಹೋಗಿ, ಉಳಿದರ್ಧ ತೋಟದ ತೋಡಿಗೆ ಇಳಿಯಿತು ಎನ್ನೋಣ. ತೋಟದ ಮೇಲಿನ ಅಂಚಿಗೂ ಕೆಳಗಿನ ಗದ್ದೆಗೂ 30 ಮೀಟರ್ ವ್ಯತ್ಯಾಸವಿದೆ, ಚಿಕ್ಕ ಟರ್ಬೈನು ನೂರಕ್ಕೆ 75ರಷ್ಟನ್ನು ಕರೆಂಟಾಗಿ ಮಾಡುತ್ತದೆ ಎನ್ನೋಣ. 367ರ ಲೆಕ್ಕ ಹಾಕಿದರೆ ಇಡೀ ವರ್ಷಕ್ಕೆ ಸಿಗುವುದು ಸುಮಾರು 300 ಯೂನಿಟ್. ಒಂದು ಎಕರೆಯ ವರ್ಷದ ಮಳೆ, ಜೂನ್ ತಿಂಗಳ ಆ ಆರ್ಭಟವೆಲ್ಲ ಸೇರಿ, ಒಂದು ಸಾಧಾರಣ ಮನೆಗೆ ಮೂರು ನಾಲ್ಕು ತಿಂಗಳಿಗೂ ಸಾಲುವುದು ಕಷ್ಟ.

ಅದೇ ಎಕರೆಯ ಮೇಲೆ ಬೀಳುವ ಬಿಸಿಲಿನ ಲೆಕ್ಕ ಬೇರೆಯೇ ಲೋಕದ್ದು. ಮೋಡ ಮಂಜುಗಳನ್ನೆಲ್ಲ ಕಳೆದು ಚದರ ಮೀಟರಿಗೆ ವರ್ಷಕ್ಕೆ 1,600 ಯೂನಿಟ್ ಎಂದು ಕೈಹಿಡಿದೇ ಲೆಕ್ಕ ಹಾಕಿದರೂ ಎಕರೆಗೆ 64 ಲಕ್ಷ ಯೂನಿಟ್ ದಾಟುತ್ತದೆ. 4,102 ಚದರ ಕಿಲೋಮೀಟರಿನ ಇಡೀ ಕೊಡಗಿಗೆ ವಿಸ್ತರಿಸಿದರೆ, ಭಾರತ ಒಂದು ವರ್ಷದಲ್ಲಿ ಉತ್ಪಾದಿಸುವ ಒಟ್ಟು ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಈ ಒಂದು ಪುಟ್ಟ ಜಿಲ್ಲೆಯ ಮೇಲೆ ಬಿಸಿಲಾಗಿ ಬೀಳುತ್ತಿದೆ. ಈ ವಾಕ್ಯ ಹೇಳಿದ ಮೇಲೆ ವಿದ್ಯಾರ್ಥಿ ಒಂದು ಕ್ಷಣ ಸುಮ್ಮನಿರಬೇಕು ಎಂದು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಳ್ಳಲಿ. ಕೇಳಿದವರ ತಲೆಗೆ ಅದು ಇಳಿಯಲು ಅಷ್ಟು ಹೊತ್ತು ಬೇಕು.

ಆದರೆ ಬೀಳುವುದೆಲ್ಲ ಕೈಗೆ ಬರುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಅಂಥ ಒಣ ನೆಲದಲ್ಲೂ ಫಲಕಗಳು ಪೂರ್ಣ ಸಾಮರ್ಥ್ಯದ ನಾಲ್ಕನೇ ಒಂದು ಭಾಗದ ಆಸುಪಾಸಿನಲ್ಲಿ ದುಡಿಯುತ್ತವೆ. ಅಂದರೆ ಎಕರೆಗೆ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಯೂನಿಟ್. ಫಲಕದ ದಕ್ಷತೆ, ಸಾಲುಗಳ ನಡುವಿನ ಜಾಗ, ದಾರಿ, ಧೂಳು ಎಲ್ಲ ಸೇರಿ ಉಳಿದದ್ದನ್ನು ತಿಂದುಹಾಕುತ್ತವೆ. ಹಾಗಿದ್ದೂ ನಮ್ಮ ತೋಟದ ಮಳೆ ಕೊಟ್ಟದ್ದಕ್ಕಿಂತ ಇದು ಸಾವಿರ ಪಟ್ಟು. ಇಳಿಜಾರಿನ ಕಾಫಿ ಎಕರೆಯನ್ನು ಪಾವಗಡ ಮಾಡಬೇಕಾದರೆ ಕಾಫಿಗೆ ನೆರಳು ಕೊಡುವ ಮರಗಳೆಲ್ಲ ಹೋಗಬೇಕು, ಕಾಫಿಯೂ ಹೋಗಬೇಕು. ಹೀಗಾಗಿ ಕೊಡಗಿನಲ್ಲಿ ಸೌರ ಫಲಕಕ್ಕೆ ಸಿಗುವ ಜಾಗ ಮನೆಯ ಮಾಡು, ಕಾಫಿ ಒಣಗಿಸುವ ಕಣದ ಅಂಚು, ಗೋದಾಮಿನ ಶೀಟು. ಜುಲೈ ತಿಂಗಳಲ್ಲಿ ಅಲ್ಲಿಯೂ ಉತ್ಪಾದನೆ ಮಾರ್ಚಿನ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ದಿನವಿಡೀ ಮೋಡ ಕವಿದಾಗ ಇನ್ನೂ ಕೆಳಗೆ.

ಹಾಗಾದರೆ ಜಲವಿದ್ಯುತ್ತಿಗೆ ಬೆಲೆ ಎಲ್ಲಿಂದ ಬಂತು? ಬೆಟ್ಟಗುಡ್ಡಗಳು ಲಕ್ಷಗಟ್ಟಲೆ ಎಕರೆಯ ನೀರನ್ನು ಪುಕ್ಕಟೆಯಾಗಿ ಒಂದೇ ಕಡೆಗೆ ತಂದುಕೊಡುವುದರಿಂದ. ಹಾರಂಗಿ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶ 419 ಚದರ ಕಿಲೋಮೀಟರ್, ಅಂದರೆ ಒಂದು ಲಕ್ಷ ಎಕರೆಗೂ ಹೆಚ್ಚು. ಜಲಾಶಯದ ಸಾಮರ್ಥ್ಯ 8.5 ಟಿಎಂಸಿ.

ಎರಡು ಭಾಷೆಯ ಟಿಪ್ಪಣಿಯಲ್ಲಿ ಎಡವುವ ಜಾಗ ಇದೇ. ಎಡ ಅಂಕಣದ ಇಂಗ್ಲಿಷಿನಲ್ಲಿ ‘ಟು ಹಂಡ್ರೆಡ್ ಅಂಡ್ ಫಾರ್ಟಿ ಮಿಲಿಯನ್ ಕ್ಯೂಬಿಕ್ ಮೀಟರ್ಸ್’ ಎಂದಿರುತ್ತದೆ. ಬಲ ಅಂಕಣದ ಕನ್ನಡದಲ್ಲಿ ಅದು 24 ಕೋಟಿ ಘನ ಮೀಟರ್. ಮಿಲಿಯನ್ನಿಗೆ ಹತ್ತು ಲಕ್ಷ, ಕೋಟಿಗೆ ಹತ್ತು ಮಿಲಿಯನ್. ವೇದಿಕೆಯ ಮೇಲೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವಾಗ ನಾಲಿಗೆಯ ಮೇಲೆ 240 ಕೋಟಿ ಬಂದುಬಿಟ್ಟರೆ ಹಾರಂಗಿ ಒಮ್ಮೆಲೇ 85 ಟಿಎಂಸಿಯಾಗಿ, ಕೃಷ್ಣರಾಜಸಾಗರದ 49 ಟಿಎಂಸಿಯನ್ನೂ ಮೀರಿಸಿಬಿಡುತ್ತದೆ. ತಪ್ಪು ಹಿಡಿಯುವ ದಾರಿಯೂ ಅದೇ: ಪ್ರತಿ ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಕೇಳುಗರಿಗೆ ಆಗಲೇ ಗೊತ್ತಿರುವ ಒಂದು ಜಲಾಶಯವನ್ನೋ ಊರನ್ನೋ ಬರೆದಿಟ್ಟಿದ್ದರೆ ಹತ್ತು ಪಟ್ಟಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಒಂದು ಪುಟಕ್ಕೆ ಒಂದೇ ದೊಡ್ಡ ಸಂಖ್ಯೆ, ಎರಡೂ ಅಂಕಣದಲ್ಲಿ ಒಂದೇ ಸಾಲಿನಲ್ಲಿ ಎದುರುಬದುರು ಇರಲಿ. ಮೆಗಾವ್ಯಾಟನ್ನೂ ಯೂನಿಟ್ಟನ್ನೂ ಒಂದೇ ವಾಕ್ಯದಲ್ಲಿ ಹೇಳದಿದ್ದರೆ ಇನ್ನೂ ಒಳ್ಳೆಯದು. ಮೆಗಾವ್ಯಾಟ್ ಯಂತ್ರದ ತಾಕತ್ತು; ಯೂನಿಟ್ ಅದು ದುಡಿದು ತಂದದ್ದು. ಇವೆರಡು ಬೆರೆತರೆ ಹೊರಗಿನಿಂದ ಬಂದ ಪರೀಕ್ಷಕರ ಮೊದಲ ಪ್ರಶ್ನೆ ಅಲ್ಲಿಗೇ ಬೀಳುತ್ತದೆ.

ಈಗ ಹಾರಂಗಿಯ ಲೆಕ್ಕ. 24 ಕೋಟಿ ಟನ್ ನೀರು. ಜಲಾಶಯ ಖಾಲಿಯಾಗುತ್ತಾ ಹೋದಂತೆ ಬೀಳುವ ಎತ್ತರವೂ ಇಳಿಯುತ್ತದೆ. ಸರಾಸರಿ 35 ಮೀಟರ್ ಎಂದು ಉದಾರವಾಗಿಯೇ ಹಿಡಿಯೋಣ. 35ನ್ನು 367ರಿಂದ ಭಾಗಿಸಿ, ನೂರಕ್ಕೆ 85ರ ದಕ್ಷತೆ ಇಟ್ಟರೆ ಸುಮಾರು 2 ಕೋಟಿ ಯೂನಿಟ್. ಬೇಸಿಗೆಯ ಒಂದು ದಿನ ಕರ್ನಾಟಕ ಬಳಸುವುದು 30 ಕೋಟಿ ಯೂನಿಟ್ ದಾಟುತ್ತದೆ. ತುಂಬಿ ತುಳುಕುವ ಹಾರಂಗಿಯ ಒಂದೊಂದು ಹನಿಯನ್ನೂ ಟರ್ಬೈನಿಗೆ ಬಿಟ್ಟರೆ ಇಡೀ ರಾಜ್ಯ ನಡೆಯುವುದು ಒಂದೂವರೆ ಗಂಟೆ. ಮಳೆಗಾಲದಲ್ಲಿ ಜಲಾಶಯಕ್ಕೆ ಅದರ ಹೊಟ್ಟೆಗಿಂತ ಹೆಚ್ಚು ನೀರು ಬರುವುದು ನಿಜ, ವರ್ಷದ ಉತ್ಪಾದನೆ ಅಷ್ಟರಮಟ್ಟಿಗೆ ಹೆಚ್ಚಬಹುದು. ಆದರೆ ಅಣೆಕಟ್ಟು ಕಟ್ಟಿದ್ದು ಗದ್ದೆಗಳಿಗಾಗಿ, ನೀರು ಬಿಡುವ ಹೊತ್ತನ್ನು ನಿರ್ಧರಿಸುವುದು ಬೆಳೆ.

ಶರಾವತಿಯಲ್ಲಿ ಒಂದು ಟಿಎಂಸಿ ನೀರು ನಾನೂರು ಮೀಟರಿಗೂ ಹೆಚ್ಚು ಕೆಳಗಿಳಿದು ಸುಮಾರು 3 ಕೋಟಿ ಯೂನಿಟ್ ಕೊಡುತ್ತದೆ; ಹಾರಂಗಿಯಲ್ಲಿ ಅದರ ಹನ್ನೆರಡನೇ ಒಂದು ಪಾಲೂ ಇಲ್ಲ. ಘಟ್ಟದ ನೆತ್ತಿಯಲ್ಲೇ ಕೂತ ಕೊಡಗಿಗೆ ಎತ್ತರದ ಕೊರತೆಯೇ ಎಂದು ಕೇಳಬಹುದು. ತಲಕಾವೇರಿ 1,200 ಮೀಟರಿಗಿಂತ ಮೇಲಿದೆ, ಕಡಲು ಪಶ್ಚಿಮಕ್ಕೆ ಕೂಗಳತೆಯಲ್ಲಿದೆ ಎನ್ನುವಷ್ಟು ಹತ್ತಿರ. ಕಾವೇರಿ ಆ ಕಡೆ ಧುಮುಕದೆ ಪೂರ್ವಕ್ಕೆ ತಿರುಗಿ, ಪ್ರಸ್ಥಭೂಮಿಯ ಮೇಲೆ ನಿಧಾನವಾಗಿ ಹರಿದು, ಆ ಎತ್ತರವನ್ನು ನೂರಾರು ಕಿಲೋಮೀಟರ್ ಉದ್ದಕ್ಕೆ ಸ್ವಲ್ಪಸ್ವಲ್ಪವೇ ಕಳೆದುಕೊಳ್ಳುತ್ತದೆ. ಅದರ ದೊಡ್ಡ ಜಿಗಿತ ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆ ಟರ್ಬೈನುಗಳನ್ನು ತಿರುಗಿಸಿದ ನೀರಿನಲ್ಲಿ ಕೊಡಗಿನ ಮಳೆಯ ಪಾಲು ಇತ್ತು. ಪಶ್ಚಿಮಕ್ಕೆ ಧುಮುಕುವ ಬಾರಾಪೊಳೆಯಂಥ ಹೊಳೆಗಳು ಗಡಿ ದಾಟಿದ ಮೇಲೆ ಕೆಲಸಕ್ಕೆ ಬರುತ್ತವೆ: ಕಣ್ಣೂರು ಜಿಲ್ಲೆಯಲ್ಲಿ ಕೇರಳ ಕಟ್ಟಿದ ಬಾರಾಪೊಳೆ ಘಟಕ 15 ಮೆಗಾವ್ಯಾಟಿನದು. ದೊಡ್ಡ ಜಲಾಶಯವಿಲ್ಲದೆ ಹರಿವಿನಿಂದಲೇ ಓಡುವ ಇಂಥ ಘಟಕಗಳು ಮಳೆಗಾಲದ ಕೂಸು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಯಂತ್ರ ನಿಲ್ಲಬೇಕು.

ಬೇಸಿಗೆ ಎಂದರೆ ಕೊಡಗಿಗೆ ಕಾಫಿ ಹೂವಿನ ಕಾಲ. ಹೂಮಳೆ ಬಾರದಿದ್ದರೆ ರೊಬಸ್ಟಾಗೆ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರಿನಲ್ಲಿ ಒಂದು ಇಂಚಾದರೂ ನೀರು ಕೊಡಬೇಕು. 367ನ್ನು ಈಗ ತಿರುಗಿಸಿ ಹಿಡಿಯೋಣ, ಏಕೆಂದರೆ ಇಲ್ಲಿ ನೀರು ಮೇಲಕ್ಕೆ ಹೋಗುತ್ತದೆ. ಕೆರೆಯಿಂದ 30 ಮೀಟರ್ ಏರು, ಸ್ಪ್ರಿಂಕ್ಲರ್ ಚಿಮ್ಮಲು ಬೇಕಾದ ಒತ್ತಡ ಇನ್ನೊಂದು 40 ಮೀಟರಿಗೆ ಸಮ. ಎಕರೆಗೆ ಒಂದು ಲಕ್ಷ ಲೀಟರನ್ನು 70 ಮೀಟರ್ ಎತ್ತಲು ಬರಿಯ ಲೆಕ್ಕದಲ್ಲಿ 20 ಯೂನಿಟ್. ಮೋಟಾರು, ಪಂಪು, ಪೈಪಿನ ನಷ್ಟ ಸೇರಿದರೆ 40. ಮಾಡಿನ ಮೇಲಿನ 10 ಕಿಲೋವ್ಯಾಟ್ ಫಲಕ ಮಾರ್ಚಿನ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 45 ಯೂನಿಟ್ ಕೊಟ್ಟೀತು. ಅಂದರೆ ದಿನಕ್ಕೆ ಒಂದು ಎಕರೆ. ಐದು ಎಕರೆಯವರಿಗೆ ಇದು ಧಾರಾಳವಾಗಿ ಸಾಲುತ್ತದೆ. 40 ಎಕರೆಯವರಿಗೆ ಕೊನೆಯ ಎಕರೆ ತಲುಪುವಷ್ಟರಲ್ಲಿ ಮೊಗ್ಗು ಬಾಡಿರುತ್ತದೆ, ತೋಟ ಒಂದೇ ಸಲ ಹೂ ಬಿಡದೆ ಮುಂದೆ ಕೊಯ್ಲೂ ಹರಿದು ಹಂಚಿಹೋಗುತ್ತದೆ. ಆದ್ದರಿಂದ ಅಲ್ಲಿ ಡೀಸೆಲ್ ಪಂಪ್‌ಸೆಟ್ ಸುಲಭಕ್ಕೆ ಜಾಗ ಬಿಡುವುದಿಲ್ಲ. ಈ ಪುಟ ಇಡೀ ಪ್ರೆಸೆಂಟೇಷನ್ನಿನ ಜೀವ ಎಂದು ನನಗೆ ಅನ್ನಿಸುತ್ತದೆ. ಬಿಸಿಲು ಬೇಕಾದ ತಿಂಗಳಲ್ಲೇ ಇದೆ, ಬೇಕಾದಷ್ಟಿದೆ, ಸಾಲದಿರುವುದು ದಿನಗಳು.

ಕೊನೆಗೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: ಹಗಲು ಸೌರ ಕರೆಂಟಿನಲ್ಲಿ ನೀರನ್ನು ಮೇಲಿನ ಕೆರೆಗೆ ಏರಿಸಿ, ರಾತ್ರಿ ಕೆಳಗೆ ಬಿಟ್ಟು ಕರೆಂಟು ತೆಗೆಯಬಾರದೇ? ಉತ್ತರವನ್ನು ಎರಡೂ ಅಂಕಣದಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಹತ್ತು ಲಕ್ಷ ಲೀಟರಿನ ತೋಟದ ಕೆರೆ, 30 ಮೀಟರ್ ಎತ್ತರ. ಸಿಗುವುದು ನಷ್ಟಕ್ಕೆ ಮೊದಲು 82 ಯೂನಿಟ್, ಚಿಕ್ಕ ಯಂತ್ರದ ನಷ್ಟ ಕಳೆದರೆ 60ರ ಆಸುಪಾಸು. ಅಷ್ಟನ್ನು ಹಿಡಿದಿಡುವ ಲಿಥಿಯಂ ಬ್ಯಾಟರಿಗಳು ಒಂದು ಕೋಣೆಯ ಮೂಲೆಯಲ್ಲಿ ಕೂರುತ್ತವೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಇದೇ ಉಪಾಯದ 2,000 ಮೆಗಾವ್ಯಾಟಿನ ಯೋಜನೆ ರೂಪಿಸಲು ಸಾಧ್ಯವಾದದ್ದು ಎರಡು ದೊಡ್ಡ ಜಲಾಶಯಗಳು ಮೊದಲೇ ಇದ್ದದ್ದರಿಂದ ಮತ್ತು ಅವುಗಳ ನಡುವೆ ನಾನೂರು ಮೀಟರಿಗೂ ಮೀರಿದ ಎತ್ತರ ಇದ್ದದ್ದರಿಂದ. ಅಲ್ಲಿಯೂ ಸಿಂಗಳೀಕಗಳ ಕಾಡಿನ ಕಾರಣಕ್ಕೆ ವಿರೋಧ ಎದ್ದಿದೆ. ನಮ್ಮ ತೋಟದ ಕೆರೆಗೆ ಅದೇ 60 ಯೂನಿಟ್ಟಿನ ಬೆಲೆಗಿಂತ ಮಾರ್ಚಿನಲ್ಲಿ ಹತ್ತು ಎಕರೆ ಕಾಫಿಗೆ ಒಂದು ಇಂಚು ಕೊಡುವ ಬೆಲೆ ಬಹಳ ದೊಡ್ಡದು.