ಅಕ್ಕೂರಿನ ನೂರು ಜನ ಸಾಕಾ?

2024ರ ಚನ್ನಪಟ್ಟಣ ಉಪಚುನಾವಣೆಯಂಥ ಜಿದ್ದಾಜಿದ್ದಿಯಲ್ಲಿ ಅಕ್ಕೂರಿನ ನೂರು ಜನರನ್ನು ಕೇಳಿ ಇಡೀ ಕ್ಷೇತ್ರದ ಒಲವು ಹೇಳಬಹುದಾ? ಪಕ್ಷವೊಂದಕ್ಕೆ ಕ್ಷೇತ್ರದಲ್ಲಿ ಸರಾಸರಿ ಶೇ. 50 ಬೆಂಬಲ ಇದೆ ಅಂದುಕೊಳ್ಳಿ. ಎಲ್ಲ ಊರೂ ಒಂದೇ ಥರ ಇದ್ದರೆ ಬೈನಾಮಿಯಲ್ ಲೆಕ್ಕ ಸಾಕು: ನೂರರಲ್ಲಿ 50 ಮಂದಿ, ಸ್ಟ್ಯಾಂಡರ್ಡ್ ಡೀವಿಯೇಷನ್ 5.

ಆದರೆ ಬೆಂಬಲ ಊರಿಂದ ಊರಿಗೆ ಬದಲಾಗುತ್ತೆ. ಅದನ್ನು ಬೀಟಾ(12, 12) ಎಂದು ಹಿಡಿದರೆ, ಹೆಚ್ಚಿನ ಊರುಗಳು ಶೇ. 30ರಿಂದ 70ರೊಳಗೆ ಬರುತ್ತವೆ. ಈಗ ಲೆಕ್ಕ ಬೀಟಾ-ಬೈನಾಮಿಯಲ್. ವೇರಿಯನ್ಸ್ 1 + 99/25, ಅಂದರೆ ಸುಮಾರು ಐದು ಪಟ್ಟಾಗುತ್ತೆ; ಆ 25 ಬಂದಿದ್ದು 12 + 12 + 1ರಿಂದ. ಡೀವಿಯೇಷನ್ 11ಕ್ಕೆ ಏರುತ್ತೆ.

ಅಕ್ಕೂರಲ್ಲೇ ಸಾವಿರ ಜನರನ್ನು ಕೇಳಿದರೂ ಶೇ. 10ರ ಏರುಪೇರು ಉಳಿಯುತ್ತೆ. ಇಪ್ಪತ್ತು ಊರಲ್ಲಿ ಐದೈದು ಜನರನ್ನು ಕೇಳಿದರೆ ಶೇ. 5.4ಕ್ಕೆ ಇಳಿಯುತ್ತೆ. ಸಮೀಕ್ಷೆ ಕಂಡಾಗ, ಎಷ್ಟು ಊರಿಗೆ ಹೋಗಿದ್ದರು ಅಂತ ಮೊದಲು ಕೇಳಿ.